ಕಡಲೋ, ಬೆಟ್ಟವೋ?

ತಲಘಟ್ಟಪುರದ ಮೆಟ್ರೋದಲ್ಲಿ ದಿನಾ ನೇತಾಡುವ ನಮ್ಮಿಬ್ಬರಿಗೂ ಮೇ ತಿಂಗಳಲ್ಲಿ ರಜೆ ಮಂಜೂರಾಯಿತು, ಜಾಗ ಮಾತ್ರ ಆಗಲಿಲ್ಲ. "ರೀ, ಗೋಕರ್ಣ" ಎಂದಳು ಹೆಂಡತಿ. ನಾನು ಚಿಕ್ಕಮಗಳೂರು ಎಂದೆ.

"ಗೋಕರ್ಣದಲ್ಲೂ 33-34 ಡಿಗ್ರಿ, ಇಲ್ಲೂ ಅಷ್ಟೇ" ಎಂಬುದು ಅವಳ ವಾದ. ನಿಜ. ಆದರೆ ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ, ರಾತ್ರಿಯೂ ಸೆಕೆ ಇಳಿಯದು. ನಡುಹಗಲು ಮರಳು ತುಳಿಯುವಂತಿಲ್ಲ. ಎಸಿ ರೂಮಲ್ಲಿ ಕೂರಲು ಆಫೀಸಿದೆಯಲ್ಲ, ಅದು ಬಿಟ್ಟಿ! ಸುಮಾರು 1,900 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಾದರೆ ಸಂಜೆಗೆ ಶಾಲು ಬೇಕು.

"ಶನಿವಾರದ ಕಾರಿನ ಸಾಲು?" ಎಂದಳು. ಸರಿಯೇ, ಬೆಟ್ಟದ ತಿರುವಿನಲ್ಲಿ ಸಿಕ್ಕಿಕೊಂಡರೆ ಸಿಲ್ಕ್ ಬೋರ್ಡ್ ವಾಸಿ. ಹಾಗಾಗಿ ಸೋಮವಾರ ಹೊರಟು, ನೈಸ್ ರಸ್ತೆಯಿಂದ ತುಮಕೂರು ರಸ್ತೆ ಹಿಡಿದು, ಗುರುವಾರ ವಾಪಸ್. ಕಡಲು ಡಿಸೆಂಬರಿಗೆ. ನೀವೂ ಮೇನಲ್ಲಿ ದಣಿದಿದ್ದರೆ ಬೆಟ್ಟಕ್ಕೇ ಹೋಗಿ, ವಾರದ ನಡುವೆ.