ಪರಿಚಯಗಳ ಲೆಕ್ಕಪರಿಶೋಧನೆ

ಪರರ ಲೆಕ್ಕಪುಸ್ತಕಗಳಲ್ಲಿ ಕೊರತೆಯನ್ನು ಹುಡುಕಿ ಹೊಟ್ಟೆ ಹೊರೆಯುವ ನನ್ನಂಥ ಲೆಕ್ಕಪರಿಶೋಧಕನಿಗೆ ಸ್ವಂತ ಪರಿಚಿತರ ಬಳಗವನ್ನೂ ಅದೇ ಕನ್ನಡಕದಿಂದ ನೋಡಬೇಕೆಂಬ ಬುದ್ಧಿ ಹುಟ್ಟಿದ್ದು ಒಂದು ಗುಟ್ಟಿನ ದೆಸೆಯಿಂದ. ನಮ್ಮ ಬಡಾವಣೆಯ ಹೋಟೆಲೊಂದು ಕೈಬದಲಾಗುತ್ತದೆಂಬ ವಾರ್ತೆಯನ್ನು ಒಂದೇ ಸಂಜೆ ಐವರು ಮಿತ್ರರು, ಒಬ್ಬೊಬ್ಬರೂ 'ಯಾರಿಗೂ ಹೇಳಬೇಡಿ' ಎಂಬ ಪೀಠಿಕೆಯೊಡನೆ, ನನ್ನ ಕಿವಿಯಲ್ಲಿ ಉಸುರಿದರು. ಒಂದೇ ಸಂಖ್ಯೆಯ ಐದು ರಸೀದಿಗಳನ್ನು ಕಂಡಂತಾಗಿ ನಾನು ಕಾಗದ, ಪೆನ್ಸಿಲು ಹಿಡಿದು ಕುಳಿತೆ.

ಕಳೆದ ಆರು ತಿಂಗಳಲ್ಲಿ ಯಾರೊಡನೆ ಮನಸ್ಸಿಟ್ಟು ಮಾತನಾಡಿದ್ದೇನೆಯೋ ಅವರ ಹೆಸರುಗಳನ್ನೆಲ್ಲ ಬರೆದು, ಎದುರಿಗೆ ವೃತ್ತಿ, ವಯಸ್ಸು, ಹುದ್ದೆ, ಪರಿಚಯ ಮಾಡಿಸಿದವರು ಎಂಬ ಅಂಕಣಗಳನ್ನೆಳೆದು, ಕಟ್ಟಕಡೆಗೆ 'ಈ ಪಟ್ಟಿಯಲ್ಲಿ ಇವರಿಗೆ ಇನ್ನಾರು ಗೊತ್ತು?' ಎಂಬ ಅಂಕಣವನ್ನೂ ಸೇರಿಸಿದೆ. ಮೊದಲ ಅಂಕಣಗಳು ಹೇಳಿದ್ದು ನಿರೀಕ್ಷಿತವೇ: ಐವತ್ತರಿಂದ ಅರವತ್ತರ ನಡುವಿನ ಗಂಡಸರು, ಬಹುಪಾಲು ಲೆಕ್ಕ, ಬ್ಯಾಂಕು, ತೆರಿಗೆಗಳಲ್ಲಿ ಮಿಂದವರು, ಮೂವತ್ತರೊಳಗಿನವರೆಂದರೆ ಚಾರ್ಜರ್ ಕೇಳಲು ಬರುವ ಮಗನ ಗೆಳೆಯನೊಬ್ಬನೇ. ನಿಜವಾದ ಕಳವು ಸಿಕ್ಕಿದ್ದು ಕಡೆಯ ಅಂಕಣದಲ್ಲಿ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಇಂಥ ಬಳಗದಲ್ಲಿ ತಲೆಗಳು ಎಷ್ಟಿದ್ದರೇನು, ಸುದ್ದಿ ಒಂದೇ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಮರ್ಮವಿದೆ. ಪರಿಚಿತರ ಮೂಲಕ ಹೊಸ ಕೆಲಸ ಹಿಡಿದವರನ್ನು ಆತ ವಿಚಾರಿಸಿದಾಗ, ಸುಳಿವು ಕೊಟ್ಟವರು ಪದೇ ಪದೇ ಭೇಟಿಯಾಗುವ ಆಪ್ತರಾಗಿದ್ದದ್ದು ನೂರಕ್ಕೆ ಸುಮಾರು 17ರಷ್ಟು ಪ್ರಸಂಗಗಳಲ್ಲಿ ಮಾತ್ರ; ಉಳಿದೆಡೆ ಅವರು ಅಪರೂಪಕ್ಕೋ ಆಗೊಮ್ಮೆ ಈಗೊಮ್ಮೆಯೋ ಕಾಣುವವರು. ಆಪ್ತರಿಗೆ ನಮ್ಮ ಮೇಲೆ ಪ್ರೀತಿ ಕಡಿಮೆಯೆಂದಲ್ಲ. ಅವರಿಗೆ ಗೊತ್ತಿರುವುದು ನಮಗೆ ಮೊದಲೇ ಗೊತ್ತಿರುತ್ತದೆ.

ಹಾಗಾದರೆ ಹೊಸಬರನ್ನು ಕಾಣುವುದೆಲ್ಲಿ? ವಿಸಿಟಿಂಗ್ ಕಾರ್ಡು ಹಂಚುವ ವ್ಯಾಪಾರಿ ಕೂಟಗಳಲ್ಲಿ ಎಂದು ಬುದ್ಧಿವಂತರು ಹೇಳುವುದುಂಟು. ಕೊಲಂಬಿಯ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಂ ಮತ್ತು ಮೈಕೆಲ್ ಮಾರಿಸ್ ಅಂಥದೊಂದು ಕೂಟದಲ್ಲಿ ಅತಿಥಿಗಳ ಎದೆಗೆ ಎಲೆಕ್ಟ್ರಾನಿಕ್ ಬಿಲ್ಲೆ ತೊಡಿಸಿ, ಯಾರು ಯಾರೊಡನೆ ನಿಂತರೆಂದು ಅಳೆದು 2007ರಲ್ಲಿ ಪ್ರಕಟಿಸಿದರು. ಹೊಸಬರನ್ನು ಕಾಣಲೆಂದೇ ಬಂದೆವೆಂದ ಮಹನೀಯರು ಹೆಚ್ಚು ಹೊತ್ತು ಕಳೆದದ್ದು ಹಳಬರ ಸಂಗಡವೇ! ನಮ್ಮ ಆರತಕ್ಷತೆಗಳಲ್ಲಿ ಆಫೀಸಿನವರೆಲ್ಲ ಒಂದೇ ಪಂಕ್ತಿ ಹಿಡಿದು ಕೂರುವುದನ್ನು ಬಲ್ಲವರಿಗೆ ಇದಕ್ಕೆ ಬಿಲ್ಲೆಯ ಅಗತ್ಯವಿರಲಿಲ್ಲ.

ಮಾತಿಗಾಗಿ ಸೇರಿದಲ್ಲಿ ಮನುಷ್ಯ ತನ್ನ ಜಾತಿಯ ಮಾತುಗಾರನನ್ನೇ ಹುಡುಕುತ್ತಾನೆ. ಕೆಲಸಕ್ಕಾಗಿ ಸೇರಿದಲ್ಲಿ ಪಕ್ಕದಲ್ಲಿ ಯಾರಿದ್ದರೆ ಅವರೇ ಗತಿ. ಈ ತರ್ಕದಿಂದ ನಾನು ಭಾನುವಾರದ ಬೆಳಗ್ಗೆ ಸಮೀಪದ ಕೆರೆಯ ದಂಡೆಯನ್ನು ಚೊಕ್ಕಟಗೊಳಿಸುವ ಗುಂಪಿಗೆ ಸೇರಿದೆ. ಅಲ್ಲಿ ನನ್ನ ಮೇಲಧಿಕಾರಿಣಿ ನರ್ಸಿಂಗ್ ಓದುವ ಹುಡುಗಿ. ಕಾಂಗ್ರೆಸ್ ಗಿಡವನ್ನು ಮೇಲಿಂದ ಮೇಲೆ ಚಿವುಟುತ್ತಿದ್ದ ನನ್ನನ್ನು ಕಂಡು, "ಅಂಕಲ್, ಹೂ ಬಿಡೋಕೆ ಮೊದಲೇ ಬುಡಸಮೇತ ಕೀಳಬೇಕು. ಕೈಗವಸು ಹಾಕ್ಕೊಳ್ಳಿ, ಆಮೇಲೆ ತುರಿಕೆ ಅಂತ ನಮ್ಮ ಆಸ್ಪತ್ರೆಗೇ ಬರ್ತೀರ" ಎಂದಳು. ಮೂವತ್ತು ವರ್ಷಗಳ ಹಿರಿತನ ಒಂದು ಕಳೆಯ ಮುಂದೆ ಕಳಚಿಬಿತ್ತು.

ಅದೇ ದಂಡೆಯಲ್ಲಿ ಕೆ.ಆರ್. ಮಾರುಕಟ್ಟೆಯ ಹೂವಿನ ವ್ಯಾಪಾರಿಯೊಬ್ಬರು ಜೊತೆಯಾದರು. ಆಗ ನಾನು ಹೋಟೆಲೊಂದರ ಲೆಕ್ಕ ನೋಡುತ್ತಿದ್ದೆ. ವರಮಹಾಲಕ್ಷ್ಮಿ ಹಬ್ಬದ ಹೂವಿನ ಬಿಲ್ಲು ಹಲವು ಪಟ್ಟು ಏರಿದ್ದುದು ನನಗೆ ಸಂದೇಹಾಸ್ಪದವಾಗಿ ತೋರಿತ್ತು. ಹೆಸರೆತ್ತದೆ ವಿಷಯ ತೆಗೆದಾಗ ಅವರು ನಕ್ಕು, "ಹಬ್ಬಕ್ಕೆ ಏರೋದು ಸರಿಯೇ ಸಾರ್. ಆಷಾಢದಲ್ಲಿ ಮದುವೆಯಿಲ್ಲ, ಹೂವನ್ನ ಕೇಳೋರಿಲ್ಲ. ಆಷಾಢಕ್ಕೂ ಹಬ್ಬಕ್ಕೂ ಒಂದೇ ರೇಟು ಬರೆದಿದ್ರೆ ಆ ಬಿಲ್ಲನ್ನ ನೋಡಿ" ಎಂದರು. ಮರುದಿನ ಕಡತ ತಿರುವಿದರೆ, ವರ್ಷವಿಡೀ ಒಂದೇ ದರ ತೋರಿಸಿದ್ದ ಇನ್ನೊಬ್ಬ ಸರಬರಾಜುದಾರರ ಬಿಲ್ಲುಗಳು, ನಾನು ಕಣ್ಣುಮುಚ್ಚಿ ಹಸಿರು ಗುರುತು ಹಾಕಲಿದ್ದಂಥವು, ಅಲ್ಲಿಯೇ ಕುಳಿತಿದ್ದವು. ನನ್ನ ಪಟ್ಟಿಯ ಅಷ್ಟೂ ಲೆಕ್ಕಿಗರಲ್ಲಿ ಒಬ್ಬರೂ ಇದನ್ನು ಹೇಳಲಾರರು.

ಹಾಗೆಂದು ಇಂಥ ಪರಿಚಯಗಳು ಸರ್ವರೋಗಹರವಲ್ಲ. ಮಗಳ ಮದುವೆಯ ಸಾಲಕ್ಕೆ ಜಾಮೀನು ಬೇಕಾದಾಗ ಹಳೆಯ ಗೆಳೆಯನ ಮನೆಗೇ ನಡೆಯಬೇಕು. ಮೊದಲ ಭೇಟಿಯಲ್ಲೇ ಸಹಾಯ ಕೇಳಿದರೆ ಎದುರಿನವರು ಮುಂದಿನ ಭಾನುವಾರ ದಂಡೆಯ ಆಚೆ ತುದಿಗೆ ಸರಿಯುತ್ತಾರೆ. ವರ್ಷಗಟ್ಟಲೆ ಸುಮ್ಮನಿದ್ದರೆ ಹೆಸರೇ ಮರೆಯುತ್ತದೆ. ಆದುದರಿಂದ ಓದುಗರಲ್ಲಿ ನನ್ನ ವಿನಂತಿ: ಪಟ್ಟಿ ಬರೆಯುವಿರಾದರೆ ಕಡೆಯ ಅಂಕಣವನ್ನು ಮೊದಲು ತುಂಬಿರಿ, ಮತ್ತು ಅದನ್ನು ನಿಮ್ಮ ಮನೆಯವರಿಂದ ತುಂಬಿಸಿರಿ, ಯಾರು ಯಾರಿಗೆ ಗೊತ್ತೆಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.