ಸೀಟಿಮೀಮಾಂಸೆ

ಪಾತ್ರೆಯಿಂದ ಒಂದು ಅಗುಳನ್ನು ತೆಗೆದು ಹಿಸುಕಿ ಉಳಿದುದೆಲ್ಲವೂ ಬೆಂದಿತೆಂದು ನಿರ್ಣಯಿಸುವ ಸ್ಥಾಲೀಪುಲಾಕನ್ಯಾಯವನ್ನು ಲೋಕಕ್ಕೆ ಅನುಗ್ರಹಿಸಿದ ನಮ್ಮ ಪ್ರಾಚೀನರು, ಬೇಯುವಾಗ ಮುಚ್ಚಳವನ್ನೇ ತೆಗೆಯಲಾಗದ ಪಾತ್ರೆಯೊಂದು ಮುಂದೆ ಹುಟ್ಟೀತೆಂದು ಊಹಿಸಿರಲಿಲ್ಲ. 1679ರಲ್ಲಿ ಡೆನಿ ಪಾಪಿನ್ ಎಂಬ ಫ್ರೆಂಚ್ ಪಂಡಿತನು ಎಲುಬನ್ನೂ ಮೆತ್ತಗಾಗಿಸುವ ತನ್ನ ಆವಿಪಾತ್ರೆಯನ್ನು ಲಂಡನ್ನಿನಲ್ಲಿ ಪ್ರದರ್ಶಿಸಿದನು. ಕಾಲಾಂತರದಲ್ಲಿ ಅದರ ಸಂತತಿಯು ನಮ್ಮ ಅಡುಗೆಮನೆಗಳನ್ನು ಹೊಕ್ಕು, ಪ್ರತ್ಯಕ್ಷವನ್ನು ಪದಚ್ಯುತಗೊಳಿಸಿ, ಶಬ್ದವೊಂದನ್ನೇ ಪ್ರಮಾಣವಾಗಿ ಉಳಿಸಿತು. ಆ ಶಬ್ದವೇ ಸೀಟಿ.

ಖಾನಾಪುರ ತಾಲೂಕಿನ ಬೀಡಿಯಲ್ಲಿ (ಇದು ಸೇದುವ ವಸ್ತುವಲ್ಲ, ಊರು) ನಮ್ಮ ಅಕ್ಕ ಷಟ್‌ಸೀಟಿ ಸಂಪ್ರದಾಯದವಳು, ನೆರೆಮನೆಯವರು ತ್ರಿಸೀಟಿವಾದಿಗಳು. ಬ್ಯಾಳಿ ಎರಡೂ ಮನೆಗಳಲ್ಲಿ ಬೇಯುತ್ತಿದ್ದುದರಿಂದ ವಾದವು ತೀರುವಂತಿರಲಿಲ್ಲ. ಕುಕ್ಕರಿನಿಂದ ಗ್ಯಾಸ್ ನಿಜವಾಗಿ ಎಷ್ಟು ಉಳಿಯುವುದೆಂಬ ಮೂಲಪ್ರಶ್ನೆಯನ್ನೇ ಇತ್ಯರ್ಥಪಡಿಸಲು ನಾನು ಕಿರಾಣಿ ಅಂಗಡಿಯಿಂದ 30 ಕಿಲೋ ತೂಗುವ ಕಾಟಾವನ್ನು ಹೊತ್ತು ತಂದೆನು. ತುಂಬಿದ ಸಿಲಿಂಡರ್ ಅದರ ಮಿತಿಗೇ ತಾಗುವುದರಿಂದ ಅರ್ಧ ಖಾಲಿಯಾದುದನ್ನೇ ಏರಿಸಬೇಕಾಯಿತು. ಕಾಟಾ 5 ಗ್ರಾಮಿಗಿಂತ ಸೂಕ್ಷ್ಮವಾದುದನ್ನು ಅರಿಯದು, ಶಾಸ್ತ್ರಕಾರನೂ ಅರಿಯನು.

"ತಮ್ಮಾ, ಬ್ಯಾಳಿ ಬೇಯಿಸಾಕ ಬಂದೀಯೋ, ಗ್ಯಾಸ್ ಮಾರಾಕ ಬಂದೀಯೋ?" ಎಂದಳು ಅಕ್ಕ. ಪೂರ್ವಪಕ್ಷವನ್ನು ಮೌನದಿಂದ ಖಂಡಿಸಿದೆನು.

ಮೊದಲ ದಿನ ಪಾವು ಕಿಲೋ ತೊಗರಿಬ್ಯಾಳಿಯನ್ನು ಒಂದೂಕಾಲು ಲೀಟರ್ ನೀರಿನೊಡನೆ ತೆರೆದ ಪಾತ್ರೆಯಲ್ಲಿ ಕೊತಕೊತನೆ ಕುದಿಸಿದೆವು. 40 ನಿಮಿಷವಾಯಿತು, ಸಿಲಿಂಡರ್ 60 ಗ್ರಾಮ್ ಇಳಿಯಿತು, ಪಾತ್ರೆಯಿಂದ ಅರ್ಧ ಕಿಲೋ ನೀರು ಆಕಾಶಗಾಮಿಯಾಯಿತು. ಮರುದಿನ ಕುಕ್ಕರಿನಲ್ಲಿ ಮುಕ್ಕಾಲು ಲೀಟರ್ ನೀರು ಸಾಕಾಯಿತು. ಮೊದಲ ಸೀಟಿಯಾದೊಡನೆ ಉರಿ ತಗ್ಗಿಸಿ, ಕೆಲ ನಿಮಿಷದ ಮೇಲೆ ಆರಿಸಿ, ಒತ್ತಡವು ತಾನಾಗಿ ಇಳಿಯುವವರೆಗೆ ಮುಟ್ಟದೆ ಬಿಟ್ಟೆವು. ಖರ್ಚಾದುದು 20 ಗ್ರಾಮ್. ದಿನಕ್ಕೆ 40 ಗ್ರಾಮಿನಂತೆ ಉಳಿಸಿದರೆ ವರ್ಷಕ್ಕೆ 14.6 ಕಿಲೋ, ಎಂದರೆ 14.2 ಕಿಲೋದ ಒಂದು ಸಿಲಿಂಡರಿಗಿಂತ ತುಸು ಹೆಚ್ಚೇ. ಇಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧಕ್ಕೆ ಸುಖಾಂತವಿತ್ತು.

ದುರದೃಷ್ಟವಶಾತ್ ಮೂರನೆಯ ದಿನವೂ ಉದಯಿಸಿತು. ಅಂದು ಅದೇ ಪಾತ್ರೆಗೆ ಒಂದು ಲೀಟರ್ ನೀರಿಟ್ಟು, ತಾಟನ್ನು ಮುಚ್ಚಿ, ಕುದಿ ಬಂದೊಡನೆ ಉರಿಯನ್ನು ಅತ್ಯಂತ ಸಣ್ಣದಾಗಿಸಿದೆವು. ಅದೇ 40 ನಿಮಿಷದಲ್ಲಿ ಬ್ಯಾಳಿ ಬೆಂದಿತು. ಗ್ಯಾಸ್ 30 ಗ್ರಾಮ್! ಎರಡನೆಯ ದಿನದ 40 ಗ್ರಾಮ್ ಉಳಿತಾಯದಲ್ಲಿ 30 ಗ್ರಾಮ್ ತಾಟಿನ ಮತ್ತು ಕೈಯ ಮಹಿಮೆ. ಕುಕ್ಕರಿನದು 10 ಮಾತ್ರ.

ಕಾರಣವು ಸರಳವಾದುದು. ನಮ್ಮ ಎತ್ತರದ ಸೀಮೆಯಲ್ಲಿ ನೀರು 98 ಡಿಗ್ರಿಯ ಸುಮಾರಿನಲ್ಲಿ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆ ಅದನ್ನು ದಾಟದು, ಹೆಚ್ಚಿನ ಉರಿಯು ಬ್ಯಾಳಿಗೆ ಸೇರದೆ ಆವಿಯಾಗಿ ಹೋಗುತ್ತದೆ. ಒಲೆಯ ಶಾಖದಲ್ಲಿ ನೂರಕ್ಕೆ 60 ಪಾತ್ರೆಗೆ ಸೇರುವುದೆಂದು ಹಿಡಿದರೆ, ಆರಿಹೋದ ಪ್ರತಿ 12 ಗ್ರಾಮ್ ನೀರಿಗೆ ಒಂದು ಗ್ರಾಮ್ ಗ್ಯಾಸ್ ದಕ್ಷಿಣೆ. ಅರ್ಧ ಕಿಲೋ ನೀರಿಗೆ ಸುಮಾರು 40 ಗ್ರಾಮಾಯಿತು. ಬ್ಯಾಳಿ, ನೀರು, ಪಾತ್ರೆಗಳನ್ನು ಕಾಯಿಸಿದ್ದಕ್ಕೆ 16. ಉಳಿದುದು ಪಾತ್ರೆಯ ಮೈಯಿಂದ ಗಾಳಿಗೆ. ಕುಕ್ಕರಿನೊಳಗೆ ಉಷ್ಣತೆಯು 120ರ ಹತ್ತಿರಕ್ಕೆ ಏರುವುದರಿಂದ ಕಾಳಿನ ಕೋಶಗಳನ್ನು ಹಿಡಿದಿರುವ ಅಂಟು ಬೇಗ ಕರಗುತ್ತದೆ, ನಿಜ. ಆದರೆ ಆ ದಪ್ಪ ಅಲ್ಯುಮಿನಿಯಂ ದೇಹವನ್ನೂ ಅಷ್ಟಕ್ಕೆ ಏರಿಸಬೇಕಾದುದರಿಂದ ಕಾಯಿಸುವ ಖರ್ಚಿನಲ್ಲಿ ಉಳಿತಾಯವಿಲ್ಲ. ಉಳಿಯುವುದೆಲ್ಲ ಕಾದ ಮೇಲಿನದು.

ಆದ್ದರಿಂದ ಸೀಟಿಯು ಬೇಯುವಿಕೆಯ ಅಳತೆಯಲ್ಲ, ಅನವಶ್ಯಕ ಉರಿಯ ಆರ್ತನಾದ. ದೊಡ್ಡ ಉರಿಯಲ್ಲಿ ಆರು ಸೀಟಿ ಬೇಗ ಬರುವುವು, ಸಣ್ಣ ಉರಿಯಲ್ಲಿ ಎರಡನೆಯದೇ ಬಾರದು. ಬ್ಯಾಳಿ ಎರಡರಲ್ಲೂ ಗಡಿಯಾರವನ್ನಷ್ಟೇ ನೋಡುತ್ತದೆ. ಒಂದು ಅಪವಾದವುಂಟು: ಮುಚ್ಚಳದ ಅಂಚಿನಿಂದ ಸುಯ್ಯೆಂದು ಆವಿ ಸೋರಿ ಸೀಟಿಯೇ ಬಾರದಿದ್ದರೆ ಅದು ಸಂಯಮವಲ್ಲ, ರಬ್ಬರ್ ಸವೆದಿದೆ. ಅಂಥ ಕುಕ್ಕರ್ ಮುಚ್ಚಿದ ಪಾತ್ರೆಗಿಂತ ದುಬಾರಿ.

ಈ ಸಿದ್ಧಾಂತವನ್ನು ಅಕ್ಕನಿಗೆ ಸವಿಸ್ತಾರವಾಗಿ ನಿವೇದಿಸಿದೆನು. ಅವಳು ಕೇಳಿದಳು, ತಲೆಯಾಡಿಸಿದಳು, ಕುಕ್ಕರ್ ಏರಿಸಿ ದೊಡ್ಡ ಉರಿಯಲ್ಲಿ ಆರು ಸೀಟಿ ಹೊಡೆಸಿದಳು. ಪಾಠಕರು ನನ್ನ ಮಾತನ್ನು ನಂಬಬೇಕಾಗಿಲ್ಲ. ಕುಕ್ಕರನ್ನು ಒಲೆಗೆ ಏರಿಸುವ ಮುನ್ನ ಒಮ್ಮೆ, ಆರಿದ ಮೇಲೆ ತೆರೆಯುವ ಮುನ್ನ ಒಮ್ಮೆ ತೂಗಿ, ಗ್ರಾಮುಗಳಲ್ಲಿನ ವ್ಯತ್ಯಾಸವನ್ನು 12ರಿಂದ ಭಾಗಿಸಿ, ಸೀಟಿಗೆ ತೆತ್ತ ಗ್ಯಾಸ್ ದಕ್ಷಿಣೆಯನ್ನು ನೋಡಿರಿ.