ಶೇ. 62.5ರಷ್ಟು ಸಂತೋಷ

ಸಾಫ್ಟ್‌ವೇರ್ ಮಾರುವ ಕಂಪನಿಗಳು ತಮ್ಮ ಗ್ರಾಹಕ ಉದ್ಧಾರವಾದ ಕಥೆಯನ್ನು ಮೊದಲು ನಾಲ್ಕು ಪುಟದ ಪಿಡಿಎಫ್‌ನಲ್ಲಿ ಹೂಳುತ್ತವೆ. ಯಾರೂ ಓದುತ್ತಿಲ್ಲವೆಂದು ಗೊತ್ತಾದ ಮೇಲೆ, ‘ಇದನ್ನೇ 90 ಸೆಕೆಂಡಿನ ವಿಡಿಯೊ ಮಾಡಿಬಿಡಿ’ ಎಂದು ಸ್ಕ್ರಿಪ್ಟ್ ಬರೆಯುವವನಿಗೆ ದಾಟಿಸುತ್ತವೆ.

ಹುಬ್ಬಳ್ಳಿಯ ಒಬ್ಬ ಔಷಧಿ ಸಗಟು ವ್ಯಾಪಾರಿಯ ಕಥೆ ಎಂದಿಟ್ಟುಕೊಳ್ಳಿ. ಪಿಡಿಎಫ್‌ನಲ್ಲಿ ಹನ್ನೊಂದು ಅಂಕಿಗಳಿವೆ, ಜೊತೆಗೆ ಜನರಲ್ ಮ್ಯಾನೇಜರರ ಹೇಳಿಕೆ: ‘ಈ ಸಮಗ್ರ ಪರಿಹಾರವು ನಮ್ಮ ದಾಸ್ತಾನು ನಿರ್ವಹಣಾ ದಕ್ಷತೆಯನ್ನು ಗಣನೀಯವಾಗಿ ವೃದ್ಧಿಸಿದೆ.’ ಹುಬ್ಬಳ್ಳಿಯಲ್ಲಿ ಯಾರಾದರೂ ಹೀಗೆ ಮಾತಾಡಿದರೆ ಮನೆಯವರು ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಆ ಮಾತನ್ನು ಬರೆದದ್ದು ಬೆಂಗಳೂರಿನ ಮಾರ್ಕೆಟಿಂಗ್ ವಿಭಾಗ. ಮ್ಯಾನೇಜರರ ಕೊಡುಗೆ, ಮೇಲ್‌ಗೆ ಕೊಟ್ಟ ‘ಓಕೆ’. ಈಗ ಅದನ್ನೇ ಬಾಯಿಪಾಠ ಮಾಡಿಸಿ ಕ್ಯಾಮೆರಾ ಮುಂದೆ ಕೂರಿಸುತ್ತಾರೆ. ‘ಗಣನೀಯ’ ಬರುವಷ್ಟರಲ್ಲಿ ಅವರ ಕಣ್ಣು ಸೂರಿನಲ್ಲಿ ಮುಂದಿನ ಪದ ಹುಡುಕುತ್ತಿರುತ್ತದೆ.

90 ಸೆಕೆಂಡಿನಲ್ಲಿ ಉಸಿರು ಬಿಟ್ಟು ಓದಿದರೆ ಕನ್ನಡದ ನೂರೈವತ್ತು ಪದ ಹಿಡಿಸುವುದೂ ಕಷ್ಟ. ಅದರಲ್ಲಿ ಹನ್ನೊಂದು ಅಂಕಿ ತುರುಕಿದರೆ ಕೇಳುಗನಿಗೆ ಸಿಗುವುದು ಪಂಚಾಂಗ ಶ್ರವಣ. ಸ್ಕ್ರಿಪ್ಟ್ ಹಾಳೆಯಲ್ಲಿ ಎರಡು ಕಲಂ ಇರುತ್ತವೆ: ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಬಲದಲ್ಲಿ ಶೇಕಡಾಗಳು ತುಂಬಿದಾಗ ಎಡಕ್ಕೆ ಬರೆಯಲು ಏನೂ ಇರುವುದಿಲ್ಲ. ಆಗ ಡ್ರೋನ್ ಹಾರುತ್ತದೆ. ಸೂಟು ತೊಟ್ಟವರು ಕೈಕುಲುಕುತ್ತಾರೆ. ಬಲಗಡೆಯನ್ನು ಕೈಯಿಂದ ಮುಚ್ಚಿ ಎಡಗಡೆ ಮಾತ್ರ ಓದಿ ನೋಡಿ. ಔಷಧಿಯ ಬದಲು ಸಿಮೆಂಟ್ ಕಂಪನಿಗೂ ಒಪ್ಪುವಂತಿದ್ದರೆ ಸ್ಕ್ರಿಪ್ಟ್ ಇನ್ನೂ ಬರೆದಾಗಿಲ್ಲ ಎಂದರ್ಥ.

ಹನ್ನೊಂದರಲ್ಲಿ ಒಂದೇ ಅಂಕಿ ಉಳಿಸಬೇಕು. ‘ಸ್ಟಾಕ್ ತಾಳೆ ನೋಡುವ ಸಮಯ ಶೇ. 62.5 ಇಳಿಕೆ’ ಎಂದಿದೆ. ಎಷ್ಟರಿಂದ ಎಷ್ಟಕ್ಕೆ? ಕೇಳಿದರೆ ಮಾರ್ಕೆಟಿಂಗ್‌ಗೆ ಗೊತ್ತಿಲ್ಲ. ಗೋಡೌನಿಗೆ ಫೋನ್ ಮಾಡಿದರೆ ಗೊತ್ತಾಗುತ್ತದೆ: ಎಂಟು ದಿನದ ಕೆಲಸ ಮೂರು ದಿನಕ್ಕೆ ಬಂದಿದೆ. ಎಂಟು ದಿನವಾದರೆ ಕ್ಯಾಮೆರಾಗೆ ಕಾಣುತ್ತದೆ. ರಟ್ಟಿನ ಡಬ್ಬಗಳ ನಡುವೆ ಟಾರ್ಚ್ ಹಿಡಿದು ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಖು ಓದುವವನೊಬ್ಬ, ಲೆಡ್ಜರಿನಲ್ಲಿ ಗೀಚಿಕೊಳ್ಳುವವನೊಬ್ಬ. ಎಡ ಕಲಂ ತಾನಾಗಿ ತುಂಬಿತು.

ಇನ್ನು ಮಾತು. ಉತ್ತರ ಬರೆದುಕೊಡುವ ಬದಲು ಪ್ರಶ್ನೆ ಕೇಳಬೇಕು, ಅದೂ ಗೋಡೌನಿನವನನ್ನು: ‘ಮೊದಲು ತಿಂಗಳ ಕೊನೆ ಹೇಗಿರುತ್ತಿತ್ತು?’ ಆತ ಹೇಳುತ್ತಾನೆ: ‘ತಿಂಗಳ ಕೊನಿ ಬಂತಂದ್ರ ಎಂಟ ದಿನ ರಾತ್ರಿ ಮನ್ಯಾಗ ಉಂಡಿದ್ದಿಲ್ರಿ.’

ವಿಡಿಯೊ ಇಲ್ಲಿಗೆ ಗೆದ್ದಿತು. ಆದರೆ ಹೊಸ ಮಾತಿಗೆ ಹೊಸ ಒಪ್ಪಿಗೆ ಬೇಕು. ಹಳೆಯ ಸಹಿ ಹಳೆಯ ವಾಕ್ಯಕ್ಕೆ ಮಾತ್ರ. ಸ್ಕ್ರಿಪ್ಟ್ ಕಾನೂನು ವಿಭಾಗಕ್ಕೆ ಹೋಗಿ, ಅಲ್ಲಿಂದ ಮಾರ್ಕೆಟಿಂಗ್ ಮುಖ್ಯಸ್ಥರಿಗೆ ಹೋಗಿ, ಎರಡು ವಾರದ ಮೇಲೆ ಕೆಂಪು ತಿದ್ದುಪಡಿಯೊಂದಿಗೆ ಮರಳುತ್ತದೆ: ‘ನಮ್ಮ ಸಮಗ್ರ ಪರಿಹಾರದಿಂದ ಉದ್ಯೋಗಿಗಳ ಕೌಟುಂಬಿಕ ಭೋಜನಾವಧಿಯು ಗಣನೀಯವಾಗಿ ವೃದ್ಧಿಸಿದೆ. ದಯವಿಟ್ಟು ಇದನ್ನು ಅವರಿಂದಲೇ ಹೇಳಿಸಿ.’